ಒಂದು ಕಾಲರಿಗೆ 36 ಸೆಕೆಂಡ್: ಹೊಲಿಗೆ ಲೈನಿನಲ್ಲಿ ಮೈಮೇಲೆ ಬೀಳುವ ಭಾರವನ್ನು ಅಳೆಯುವುದು ಹೇಗೆ?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಮಾಡುವವರಿಗೆ ಆಡಿಟ್ ಹೊಸದಲ್ಲ. ಬೆಂಕಿ ನಂದಿಸುವ ಸಿಲಿಂಡರ್, ಎಮರ್ಜೆನ್ಸಿ ಬಾಗಿಲು, ಹಾಜರಿ ಪುಸ್ತಕ ಇವನ್ನೆಲ್ಲ ನೋಡಿ ಹೋಗುವವರು ಬರುತ್ತಲೇ ಇರುತ್ತಾರೆ. ಕೆಲವು ಕಡೆ ಈಗ ಇನ್ನೊಂದು ಬಗೆಯವರೂ ಬರುತ್ತಾರೆ. ಮಿಷನ್ ಪಕ್ಕ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಾರೆ. ಟೇಪ್ ಹಿಡಿದು ಟೇಬಲ್ ಎತ್ತರ ಅಳೆಯುತ್ತಾರೆ. ಕತ್ತು ನೋಯುತ್ತಾ, ರಾತ್ರಿ ಕೈ ಜೋಮು ಹಿಡಿಯುತ್ತಾ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಏನಾಯಿತು ಎನ್ನುವುದು ಲೈನಿನಲ್ಲಿ ಕೂತವರಿಗೆ ಗೊತ್ತಾಗುವುದು ಕಡಿಮೆ.

ಅವರು ಮಾಡುವುದಕ್ಕೆ ಎರ್ಗೊನಾಮಿಕ್ಸ್ ಅಸೆಸ್‌ಮೆಂಟ್ ಎಂದು ಹೆಸರು. ಕೆಲಸ, ಅದರ ಸಾಮಾನು, ಅದರ ವೇಗ ಮನುಷ್ಯರ ಮೈಗೆ ಎಷ್ಟು ಹೊಂದುತ್ತವೆ ಎಂದು ನೋಡುವ ವಿದ್ಯೆ ಎರ್ಗೊನಾಮಿಕ್ಸ್. ಹೊಂದದಿರುವುದನ್ನು ಅಂಕಿಯಲ್ಲಿ ಹೇಳುವುದು ಅಸೆಸ್‌ಮೆಂಟ್. ಆ ಅಂಕಿ ಹೇಗೆ ಬರುತ್ತದೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಶರ್ಟಿಗೆ ಕಾಲರ್ ಕೂರಿಸುವ ಒಬ್ಬ ಟೈಲರಮ್ಮನ ಕೆಲಸವನ್ನೇ ಹಿಡಿದು ನೋಡೋಣ.

## ಹಗುರ ಕೆಲಸಕ್ಕೆ ಇಷ್ಟು ನೋವು ಯಾಕೆ?

ಕಾಲರ್ ತೂಗುವುದು ಕೆಲವೇ ಗ್ರಾಂ. ಕೂತೇ ಮಾಡುವ ಕೆಲಸ. ಹಾಗಾಗಿ "ಅದರಲ್ಲೇನು ಕಷ್ಟ" ಎಂದು ಹೊರಗಿನವರಿಗೆ ಅನ್ನಿಸುತ್ತದೆ. ನೋವಿಗೆ ಇಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಅಲುಗಾಡದೆ ಹಿಡಿದಿಡುವುದು. ಸೂಜಿಯ ಕಡೆ ಕಣ್ಣಿಟ್ಟು ಕತ್ತು ಬಗ್ಗಿಸಿದಾಗ ತಲೆಯ ಭಾರವನ್ನು ಹಿಂಗತ್ತಿನ ಸ್ನಾಯುಗಳು ಎಳೆದು ಹಿಡಿಯಬೇಕು. ತೋಳು ಮುಂದಕ್ಕೆ ಚಾಚಿದ್ದರೆ ಹೆಗಲಿನ ಸ್ನಾಯುಗಳಿಗೂ ಅದೇ ಗತಿ. ಸ್ನಾಯು ಬಿಗಿಯಾಗಿಯೇ ಇದ್ದರೆ ಅದರೊಳಗಿನ ಸಣ್ಣ ರಕ್ತನಾಳಗಳು ಒತ್ತಿಕೊಳ್ಳುತ್ತವೆ. ಗಿಡಕ್ಕೆ ನೀರು ಬಿಡುವ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಕಾಲು ತೆಗೆದರೆ ನೀರು ಮತ್ತೆ ಹರಿಯುತ್ತದೆ, ಆದರೆ ಲೈನಿನಲ್ಲಿ ಕಾಲು ತೆಗೆಯುವ ಸಮಯವೇ ಸಿಗುವುದಿಲ್ಲ. ನಡೆಯುವಾಗ ಕಾಲಿನ ಸ್ನಾಯು ಬಿಗಿದು ಸಡಿಲಾಗಿ ತಾನೇ ರಕ್ತವನ್ನು ತಳ್ಳಿಕೊಳ್ಳುತ್ತದೆ. ಅದಕ್ಕೇ ಒಂದು ಗಂಟೆ ನಡೆದದ್ದಕ್ಕಿಂತ ಒಂದು ಗಂಟೆ ಕತ್ತು ಬಗ್ಗಿಸಿ ಕೂತದ್ದು ಜಾಸ್ತಿ ನೋಯುತ್ತದೆ.

ಎರಡನೆಯದು ಒಂದೇ ಚಲನೆ ಮತ್ತೆ ಮತ್ತೆ. ಬೆರಳುಗಳನ್ನು ಆಡಿಸುವ ಸ್ನಾಯುಗಳು ಹೆಚ್ಚಾಗಿ ಮುಂಗೈಯಲ್ಲಿವೆ. ಅವುಗಳಿಂದ ಬರುವ ಉದ್ದ ಹಗ್ಗದಂಥ ಎಳೆಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಹೋಗುತ್ತವೆ. ಅವನ್ನು ಸ್ನಾಯುರಜ್ಜು ಎನ್ನುತ್ತಾರೆ. ಬಟ್ಟೆಯನ್ನು ಚಿವುಟಿ ಹಿಡಿದಾಗಲೆಲ್ಲ ಈ ರಜ್ಜುಗಳು ಜಾರುತ್ತವೆ. ಮಣಿಕಟ್ಟು ಸೊಟ್ಟಗಿದ್ದರೆ ಜಾರುವಾಗ ಉಜ್ಜುತ್ತವೆ. ಉಜ್ಜಿದ್ದು ವಾಸಿಯಾಗಲು ಬಿಡುವು ಬೇಕು. ಬಿಡುವು ಸಿಗದಿದ್ದರೆ ಊತ ಬರುತ್ತದೆ, ಊದಿದ ರಜ್ಜುಗಳು ಪಕ್ಕದ ನರವನ್ನು ಒತ್ತುತ್ತವೆ. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುವುದು ಇದರ ಗುರುತು.

ಸಂಜೆ ಬಂದು ಬೆಳಗ್ಗೆ ಹೋಗುವ ನೋವು ದಣಿವು. ಬೆಳಗ್ಗೆಯೂ ಉಳಿದಿರುವ, ಭಾನುವಾರ ಕಳೆದರೂ ಹೋಗದ ನೋವು ಬೇರೆ. ಅಸೆಸ್‌ಮೆಂಟ್ ಮಾಡುವವರು ಮೈಯ ಚಿತ್ರ ಕೊಟ್ಟು ಎಲ್ಲಿ ನೋಯುತ್ತದೆ ಎಂದು ಗುರುತು ಹಾಕಿಸುವಾಗ ಈ ವ್ಯತ್ಯಾಸವನ್ನೇ ಹುಡುಕುತ್ತಿರುತ್ತಾರೆ.

## ರೂಲಾ: ಕೂತ ಭಂಗಿಗೆ ಅಂಕ

ಹೊಲಿಗೆ ಲೈನಿನಲ್ಲಿ ಜಾಸ್ತಿ ಬಳಕೆಯಲ್ಲಿರುವ ಅಳತೆಯ ಹೆಸರು ರೂಲಾ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಲಿನ್ ಮೆಕ್‌ಆಟಮ್ನಿ ಮತ್ತು ನೈಜೆಲ್ ಕಾರ್ಲೆಟ್ ಎಂಬಿಬ್ಬರು ರೂಪಿಸಿ 1993ರಲ್ಲಿ ಪ್ರಕಟಿಸಿದರು. ಅವರು ಇದನ್ನು ಕಟ್ಟಿದ್ದೇ ಬಟ್ಟೆ ಕತ್ತರಿಸುವವರು, ಹೊಲಿಯುವವರು, ಚೆಕಿಂಗ್ ಮತ್ತು ಪ್ಯಾಕಿಂಗ್ ಮಾಡುವವರನ್ನು ನೋಡಿಕೊಂಡು. ಆಫೀಸಿನಿಂದ ಕಾರ್ಖಾನೆಗೆ ಬಂದ ಸಾಧನ ಅಂತ ಕೆಲವರು ಅಂದುಕೊಂಡಿದ್ದಾರೆ, ನಡೆದದ್ದು ಉಲ್ಟಾ.

ಇದಕ್ಕೆ ಬೇಕಾದದ್ದು ಕಾಗದ, ಪೆನ್ನು ಮತ್ತು ಪಕ್ಕದಿಂದ ತೆಗೆದ ಒಂದು ಫೋಟೊ. ಮೈಯ ಒಂದೊಂದು ಭಾಗ ಎಷ್ಟು ಡಿಗ್ರಿ ಬಗ್ಗಿದೆ ಎಂದು ನೋಡಿ ಅಂಕ ಕೊಡಬೇಕು. ನೆಟ್ಟಗಿದ್ದರೆ 1, ಬಗ್ಗಿದಷ್ಟೂ ಜಾಸ್ತಿ. ಇಲ್ಲಿ ಜಾಸ್ತಿ ಅಂಕ ಬಂದರೆ ಕೆಟ್ಟದ್ದು.

ನಮ್ಮ ಟೈಲರಮ್ಮ ಬೆನ್ನಿಗೆ ಒರಗಿಲ್ಲದ ಸ್ಟೂಲಿನ ಮೇಲೆ ಕೂತಿದ್ದಾರೆ ಎನ್ನಿ. ಕಾಲರಿನ ಗುರುತು ಕಾಣಲು ಮುಂದಕ್ಕೆ 25 ಡಿಗ್ರಿ ಬಾಗಿದ್ದಾರೆ. ಬೆನ್ನಿಗೆ 3 ಅಂಕ. ಕತ್ತು 20 ಡಿಗ್ರಿಗಿಂತ ಹೆಚ್ಚು ಬಗ್ಗಿದೆ, ಅದಕ್ಕೂ 3. ಬಲಗಾಲು ಪೆಡಲ್ ಮೇಲಿದೆ, ಎಡಗಾಲು ಸ್ಟೂಲಿನ ಕೆಳಗೆ ಮಡಚಿದೆ. ಎರಡೂ ಪಾದಕ್ಕೆ ಸಮ ಆಸರೆ ಇಲ್ಲದ್ದರಿಂದ ಕಾಲಿಗೆ 2. ರೂಲಾದ ಪಟ್ಟಿಯಲ್ಲಿ ಈ ಮೂರನ್ನೂ ಸೇರಿಸಿ ನೋಡಿದರೆ 5 ಬರುತ್ತದೆ. ಭಂಗಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಗೇ ಇದ್ದರೆ ಅಥವಾ ಒಂದೇ ಚಲನೆ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಂದರೆ ಇನ್ನೊಂದು ಸೇರಿಸಬೇಕು. ಒಟ್ಟು 6.

ಇನ್ನು ತೋಳು. ಟೇಬಲ್ ಅವರಿಗೆ ಎತ್ತರ, ಹಾಗಾಗಿ ಹೆಗಲು ಮೇಲೆದ್ದಿದೆ. ಕೈ ಎದೆಯ ಮಧ್ಯದ ಗೆರೆ ದಾಟಿ ಆಚೆ ಹೋಗುತ್ತದೆ. ಮಣಿಕಟ್ಟು ಪಕ್ಕಕ್ಕೆ ಸೊಟ್ಟಗಿದೆ. ಎಲ್ಲ ಸೇರಿ 4, ಮತ್ತೆ ಮತ್ತೆ ಮಾಡುವುದಕ್ಕೆ ಒಂದು ಸೇರಿಸಿ 5. ತೋಳಿನ 5, ಮೈಯ 6 ಎರಡನ್ನೂ ಕೊನೆಯ ಪಟ್ಟಿಯಲ್ಲಿ ನೋಡಿದರೆ 7. ರೂಲಾದಲ್ಲಿ ಅದಕ್ಕಿಂತ ಮೇಲೆ ಅಂಕವೇ ಇಲ್ಲ. 1 ಅಥವಾ 2 ಬಂದರೆ ಸದ್ಯಕ್ಕೆ ತೊಂದರೆಯಿಲ್ಲ. 3, 4 ಬಂದರೆ ಇನ್ನಷ್ಟು ಪರಿಶೀಲಿಸಬೇಕು. 5, 6ಕ್ಕೆ ಬೇಗ ಬದಲಾಯಿಸಬೇಕು. 7ಕ್ಕೆ ಕೂಡಲೇ.

ಈಗ ಬದಲಾಯಿಸಿ ನೋಡೋಣ. ಹೊಲಿಗೆ ಮಿಷನ್ನಿನಲ್ಲಿ ಒಂದು ಸಿಕ್ಕು ಇದೆ. ಕಣ್ಣಿಗೆ ಬಟ್ಟೆ ಹತ್ತಿರ ಬೇಕು, ಅಂದರೆ ಟೇಬಲ್ ಮೇಲಿರಬೇಕು. ಹೆಗಲಿಗೆ ಟೇಬಲ್ ಕೆಳಗಿರಬೇಕು. ಎರಡಕ್ಕೂ ಒಪ್ಪುವ ಜಾಗ ಮೊಣಕೈಗಿಂತ ಸುಮಾರು 5ರಿಂದ 15 ಸೆಂಟಿಮೀಟರ್ ಮೇಲೆ, ಅದೂ ಟೇಬಲನ್ನು ಕೂತವರ ಕಡೆಗೆ ಸುಮಾರು 10 ಡಿಗ್ರಿ ಓರೆ ಮಾಡಿದರೆ. ಓರೆಯಾದಾಗ ಬಟ್ಟೆ ಕಣ್ಣಿಗೆ ತಿರುಗುತ್ತದೆ, ಕತ್ತು ಅಷ್ಟು ಬಗ್ಗಬೇಕಿಲ್ಲ. ಹೀಗೆ ಓರೆ ಮಾಡಿ, ಬೆನ್ನಿಗೆ ಒರಗುವ ಮತ್ತು ಎತ್ತರ ಹೊಂದಿಸಬಹುದಾದ ಕುರ್ಚಿ ಕೊಟ್ಟು, ಪೆಡಲನ್ನು ಎರಡೂ ಪಾದ ಕೂರುವ ಹಾಗೆ ಸರಿಸಿದರೆ ಕತ್ತು 2, ಬೆನ್ನು 2, ಕಾಲು 1ಕ್ಕೆ ಇಳಿಯುತ್ತವೆ. ಹೆಗಲು ಕೆಳಗಿಳಿಯುತ್ತದೆ, ಮಣಿಕಟ್ಟು ನೆಟ್ಟಗಾಗುತ್ತದೆ. ಮತ್ತೆ ಲೆಕ್ಕ ಹಾಕಿದರೆ 7 ಇದ್ದದ್ದು 3 ಆಗುತ್ತದೆ.

ಬಹಳಷ್ಟು ರಿಪೋರ್ಟ್‌ಗಳು ಇಲ್ಲಿಗೇ ಮುಗಿಯುತ್ತವೆ. ಕುರ್ಚಿ ಬಂತು, ಅಂಕ ಇಳಿಯಿತು, ಫೋಟೊ ಅಂಟಿಸಿದರು. ಆದರೆ ರೂಲಾ ನೋಡುವುದು ಒಂದು ಗಳಿಗೆಯನ್ನು ಮಾತ್ರ. ಆ ಭಂಗಿಯಲ್ಲಿ 10 ನಿಮಿಷ ಕೂತರೂ, 10 ಗಂಟೆ ಕೂತರೂ ಅದರ ಅಂಕ ಒಂದೇ. ಗಂಟೆಗೆ 60 ಪೀಸ್ ಇದ್ದರೂ 100 ಪೀಸ್ ಇದ್ದರೂ ಒಂದೇ. ಕಾಲರ್ ಕೂರಿಸುವವರನ್ನು ಕೇಳಿದರೆ ಆ ಎರಡೂ ಒಂದೇ ಅಲ್ಲ ಎಂದು ಯಾರಾದರೂ ಹೇಳುತ್ತಾರೆ, ಅಲ್ವಾ?

## ಒಕ್ರಾ: ಇಡೀ ದಿನದ ಲೆಕ್ಕ

ಆ ಕೊರತೆಯನ್ನು ತುಂಬುವುದು ಒಕ್ರಾ ಎಂಬ ಇನ್ನೊಂದು ಅಳತೆ. ಇಟಲಿಯ ಎನ್ರಿಕೊ ಒಕ್ಕಿಪಿಂತಿ ಮತ್ತು ದಾನಿಯೆಲಾ ಕೊಲಂಬಿನಿ ಇದನ್ನು 1990ರ ದಶಕದಲ್ಲಿ ರೂಪಿಸಿದರು. ಹಗುರ ವಸ್ತುವನ್ನು ವೇಗವಾಗಿ ಮತ್ತೆ ಮತ್ತೆ ನಿಭಾಯಿಸುವ ಕೆಲಸಕ್ಕೆ ಇರುವ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 11228ರ ಮೂರನೇ ಭಾಗ, ಇದನ್ನೇ ಮುಖ್ಯ ವಿಧಾನವಾಗಿ ಹಿಡಿದಿದೆ.

ಇದರ ಪ್ರಶ್ನೆ ಸರಳ. ಈ ಕೈ ದಿನಕ್ಕೆ ನಿಜವಾಗಿ ಎಷ್ಟು ಸಲ ಆಡುತ್ತದೆ, ಎಷ್ಟು ಸಲ ಆಡಬಹುದಿತ್ತು? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಒಕ್ರಾ ಸೂಚ್ಯಂಕ. 2.2ರ ತನಕ ಹಸಿರು. 3.5ರ ತನಕ ಹಳದಿ. ಅದರಾಚೆ ಕೆಂಪು.

ವಿಡಿಯೊವನ್ನು ನಿಧಾನ ಓಡಿಸಿ ಬಲಗೈ ಏನೇನು ಮಾಡುತ್ತದೆ ಎಂದು ಎಣಿಸುತ್ತಾರೆ. ಕಾಲರ್ ಎತ್ತಿಕೊಂಡದ್ದು ಒಂದು, ಶರ್ಟಿನ ಬಾಡಿಗೆ ಜೋಡಿಸಿದ್ದು ಒಂದು, ಮಿಷನ್ನಿನ ಫುಟ್ ಕೆಳಗೆ ಇಟ್ಟದ್ದು ಒಂದು, ತಿರುಗಿಸಿದ್ದು ಒಂದು. ಹೀಗೆ. ನಮ್ಮ ಲೆಕ್ಕಕ್ಕೆ ಒಂದು ಕಾಲರಿಗೆ 36 ಸೆಕೆಂಡ್, ಬಲಗೈಯ 24 ಚಲನೆ ಎಂದಿಟ್ಟುಕೊಳ್ಳೋಣ. ಅಂದರೆ ಗಂಟೆಗೆ 100 ಪೀಸ್, ನಿಮಿಷಕ್ಕೆ 40 ಚಲನೆ. 8 ಗಂಟೆಯ ಶಿಫ್ಟಿನಲ್ಲಿ ದಾರ ಹಾಕುವುದು, ಬಂಡಲ್ ಕಾಯುವುದು ಕಳೆದು 420 ನಿಮಿಷ ಹೊಲಿಗೆ. ಒಟ್ಟು 700 ಪೀಸ್, 16,800 ಚಲನೆ.

ಈಗ ಎಷ್ಟು ಆಡಬಹುದಿತ್ತು ಎನ್ನುವುದು. ಎಲ್ಲ ಅನುಕೂಲವಿದ್ದರೆ ನಿಮಿಷಕ್ಕೆ 30 ಎಂದು ಒಕ್ರಾ ಶುರು ಮಾಡುತ್ತದೆ. ಅನುಕೂಲ ತಪ್ಪಿದಲ್ಲೆಲ್ಲ ಅದನ್ನು ಕಡಿತ ಮಾಡುತ್ತದೆ. ಬಟ್ಟೆ ಹಗುರ, ಬಲ ಬೇಕಿಲ್ಲ, ಅದಕ್ಕೆ ಕಡಿತವಿಲ್ಲ. ಬೆರಳು ತುದಿಯಲ್ಲಿ ಚಿವುಟಿ ಹಿಡಿಯುವುದಕ್ಕೆ 0.7ರಿಂದ ಗುಣಿಸಬೇಕು. ಒಂದೇ ಬಗೆಯ ಚಲನೆಗೆ ಮತ್ತೊಮ್ಮೆ 0.7. ಅಲ್ಲಿಗೆ 30 ಇದ್ದದ್ದು 14.7ಕ್ಕೆ ಇಳಿಯಿತು.

ಆಮೇಲೆ ಬರುವುದು ಬಿಡುವಿನ ಕಡಿತ. ಇದೇ ಎಲ್ಲಕ್ಕಿಂತ ದೊಡ್ಡದು. ಕೈಗೆ ಒಂದೇ ಸಮ 8ರಿಂದ 10 ನಿಮಿಷವಾದರೂ ಬಿಡುವು ಸಿಕ್ಕಿದರೆ ಆ ಗಂಟೆಯನ್ನು ಸುಧಾರಿಸಿಕೊಂಡ ಗಂಟೆ ಎಂದು ಎಣಿಸುತ್ತಾರೆ. ದಾರ ತುಂಡಾದಾಗ ಸಿಗುವ ಅರ್ಧ ನಿಮಿಷ ಲೆಕ್ಕಕ್ಕಿಲ್ಲ. ಬೆಳಗ್ಗೆ 9ರಿಂದ 1, ಊಟ, 1.30ರಿಂದ 5.30 ಎಂದರೆ ಊಟದ ಹಿಂದಿನ ಗಂಟೆಗೆ ಊಟವೇ ಬಿಡುವು, ಕೊನೆಯ ಗಂಟೆಗೆ ಮನೆಗೆ ಹೋಗುವುದೇ ಬಿಡುವು. ಉಳಿದ 6 ಗಂಟೆ ಬಿಡುವಿಲ್ಲದವು. ಆರಕ್ಕೆ ಒಕ್ರಾದ ಗುಣಕ 0.25. ಇದ್ದದ್ದರಲ್ಲಿ ಮುಕ್ಕಾಲು ಭಾಗ ಹೋಯಿತು.

14.7ನ್ನು 420 ನಿಮಿಷದಿಂದ, ಆಮೇಲೆ 0.25ರಿಂದ ಗುಣಿಸಿದರೆ ಸುಮಾರು 1,540. ಆಡಬಹುದಿದ್ದದ್ದು ಅಷ್ಟು, ಆಡಿದ್ದು 16,800. ಸೂಚ್ಯಂಕ 10.9.

ಬೆಳಗ್ಗೆ 11ಕ್ಕೆ ಒಂದು, ಮಧ್ಯಾಹ್ನ 3.30ಕ್ಕೆ ಒಂದು, ಹತ್ತತ್ತು ನಿಮಿಷದ ಟೀ ಬ್ರೇಕ್ ಕೊಟ್ಟರೆ? ಬಿಡುವಿಲ್ಲದ ಗಂಟೆ ಆರರಿಂದ ನಾಲ್ಕಕ್ಕೆ ಇಳಿಯುತ್ತದೆ. ಗುಣಕ 0.25ರಿಂದ 0.60ಕ್ಕೆ ಏರುತ್ತದೆ. ಟಾರ್ಗೆಟ್ 700ರಲ್ಲೇ ಇದ್ದು, ಅದನ್ನು 400 ನಿಮಿಷದಲ್ಲಿ ಮುಗಿಸಲು ಕೈ ಸ್ವಲ್ಪ ಚುರುಕಾಗಬೇಕಾಗಿ ಬಂದರೂ ಸೂಚ್ಯಂಕ 4.8ಕ್ಕೆ ಬರುತ್ತದೆ. 20 ನಿಮಿಷದಿಂದ ಅರ್ಧಕ್ಕಿಂತ ಜಾಸ್ತಿ ಇಳಿಕೆ. ಆದರೂ ಇನ್ನೂ ಕೆಂಪೇ.

ಉಳಿದದ್ದನ್ನು ಚಲನೆಗಳಲ್ಲೇ ಹುಡುಕಬೇಕು. ದಾರ ಕತ್ತರಿಸಲು ಟ್ರಿಮ್ಮರ್ ತೆಗೆದುಕೊಳ್ಳುವುದು, ಕತ್ತರಿಸುವುದು, ಕೆಳಗಿಡುವುದು. ಎರಡು ತುದಿಗೆ ಆರು ಚಲನೆ. ರಿವರ್ಸ್ ಹೊಲಿಗೆಗೆ ಲಿವರ್ ಒತ್ತುವುದು ಇನ್ನೊಂದು. ತಾನೇ ದಾರ ಕತ್ತರಿಸಿ ತಾನೇ ರಿವರ್ಸ್ ಹಾಕುವ ಮಿಷನ್ ಕೊಟ್ಟರೆ ಈ ಏಳೂ ಹೋಗಿ 24 ಇದ್ದದ್ದು 17 ಆಗುತ್ತದೆ. ಸೂಚ್ಯಂಕ 3.4. ಹಳದಿಗೆ ಬಂತು. ಆದರೆ ಇದೆಲ್ಲ ಒಂದು ಷರತ್ತಿನ ಮೇಲೆ. ಮಿಷನ್ ಉಳಿಸಿದ ಸೆಕೆಂಡುಗಳಿಗೆ ಹೊಸ ಟಾರ್ಗೆಟ್ ಹಾಕಿಬಿಟ್ಟರೆ ಚಲನೆಗಳು ವಾಪಸ್ ಬರುತ್ತವೆ, ಅಂಕವೂ ವಾಪಸ್ ಏರುತ್ತದೆ.

ಕುರ್ಚಿ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಒಕ್ರಾ ನೋಡುವುದು ಕೈತೋಳುಗಳನ್ನು, ಕತ್ತು ಬೆನ್ನುಗಳನ್ನಲ್ಲ. ರೂಲಾ ಅವನ್ನು ನೋಡುತ್ತದೆ, ಗಡಿಯಾರ ನೋಡುವುದಿಲ್ಲ. ಒಂದನ್ನೇ ಮಾಡಿ ಬಿಟ್ಟರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

## ಓಟಿ ಸೇರಿದರೆ

1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಕ್ರಮದಲ್ಲಿ 5 ಗಂಟೆ ಕೆಲಸದೊಳಗೆ ಅರ್ಧ ಗಂಟೆ ಬಿಡುವು ಕೊಡಬೇಕು. ಮೇಲೆ ಹೇಳಿದ ಶಿಫ್ಟ್ ಆ ಮಟ್ಟಿಗೆ ಕಾನೂನಿನ ಪ್ರಕಾರವೇ ಇದೆ, ಸೂಚ್ಯಂಕ 10.9 ಆದರೂ. ಕರ್ನಾಟಕ 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ಕೆಲಸವನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145ಕ್ಕೆ ಏರಿತು.

ನಮ್ಮ ಸುಧಾರಿಸಿದ ಲೈನಿಗೆ, ಅಂದರೆ 3.4 ಬಂದಿದ್ದ ಲೈನಿಗೆ, ಸಂಜೆ 7.30ರ ತನಕ ಎರಡು ಗಂಟೆ ಓಟಿ ಸೇರಿಸಿ. ಬಿಡುವಿಲ್ಲದ ಗಂಟೆ ಮತ್ತೆ ಆರು, ಗುಣಕ ಮತ್ತೆ 0.25. ಇದರ ಮೇಲೆ ಹೊಲಿಗೆಯ ಹೊತ್ತು 480 ನಿಮಿಷ ದಾಟಿದ್ದಕ್ಕೆ ಒಕ್ರಾ ಇನ್ನೊಂದು ಕಡಿತ ಹಾಕುತ್ತದೆ, 0.5. ಎರಡೂ ಸೇರಿ ಸೂಚ್ಯಂಕ 16ಕ್ಕೆ ಜಿಗಿಯುತ್ತದೆ. ಕೆಲಸ ನಾಲ್ಕನೇ ಒಂದು ಭಾಗ ಹೆಚ್ಚಾಯಿತು, ಅಂಕ ನಾಲ್ಕು ಪಟ್ಟಿಗಿಂತ ಜಾಸ್ತಿ. 5.30ಕ್ಕೆ ಓಟಿ ಶುರುವಾಗುವ ಮುಂಚೆ 10 ನಿಮಿಷ ಟೀ ಕೊಟ್ಟರೆ ಸುಮಾರು 9ಕ್ಕೆ ಇಳಿಯುತ್ತದೆ.

## ಬಂಡಲ್ ಎತ್ತುವವರು

ಹೊಲಿಯುವವರ ಮಧ್ಯೆ ಓಡಾಡುವ ಹೆಲ್ಪರ್‌ಗಳ ಲೆಕ್ಕ ಬೇರೆ. ಅವರದು ಭಾರ ಎತ್ತುವ ಕೆಲಸ. ಅದಕ್ಕೆ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರವನ್ನು ಬಳಸುತ್ತಾರೆ. ಭಾರ ಮೈಗೆ ಹತ್ತಿರ, ಸೊಂಟದ ಸುತ್ತಿನ ಎತ್ತರ, ತಿರುಚದೆ ಎತ್ತುವಂತಿದ್ದರೆ 23 ಕೆಜಿ ತನಕ ಎಂದು ಅದು ಶುರು ಮಾಡುತ್ತದೆ.

ಈಗ 25 ಜೀನ್ಸ್‌ನ ಒಂದು ಬಂಡಲ್. ಜೀನ್ಸ್ ಒಂದಕ್ಕೆ 600 ಗ್ರಾಂ ಹಿಡಿದರೂ 15 ಕೆಜಿ. 23ಕ್ಕಿಂತ ಕಡಿಮೆ, ಸರಿ ತಾನೇ? ಆದರೆ ಬಂಡಲ್ ಇರುವುದು ನೆಲದ ಹತ್ತಿರದ ಟ್ರೇಯಲ್ಲಿ. ಕೈ ಅರ್ಧ ಮೀಟರ್ ಚಾಚಬೇಕು. ಎತ್ತಿ, ಪಕ್ಕಕ್ಕೆ ತಿರುಗಿ ಟೇಬಲ್ ಮೇಲೆ ಇಡಬೇಕು. ಇವಿಷ್ಟನ್ನೂ ಸೂತ್ರಕ್ಕೆ ಹಾಕಿದರೆ 23 ಇದ್ದದ್ದು 7 ಕೆಜಿ ಚಿಲ್ಲರೆಗೆ ಬರುತ್ತದೆ, ದಿನಕ್ಕೆ ಎಷ್ಟು ಸಲ ಎನ್ನುವುದನ್ನು ಸೇರಿಸುವ ಮುಂಚೆಯೇ. ಇದರಲ್ಲಿ ದೊಡ್ಡ ಪಾಲು ಕೈ ಚಾಚುವುದರದ್ದು. ಅದೊಂದೇ ಮಿತಿಯನ್ನು ಅರ್ಧ ಮಾಡುತ್ತದೆ. ಬಂಡಲನ್ನು 10 ಪೀಸಿಗೆ ಇಳಿಸಿ, ಟ್ರೇಯನ್ನು ಸೊಂಟದೆತ್ತರದ ಟ್ರಾಲಿಗೆ ಏರಿಸಿ, ಹತ್ತಿರ ಎಳೆದುಕೊಂಡು ಎತ್ತುವ ಹಾಗೆ ಮಾಡಿದರೆ ಸಮಸ್ಯೆ ಹೆಚ್ಚುಕಡಿಮೆ ಮುಗಿಯುತ್ತದೆ.

## ಅಳತೆ ತಪ್ಪುವುದು ಎಲ್ಲಿ?

ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಸೂಪರ್‌ವೈಸರ್ ಪಕ್ಕದಲ್ಲಿದ್ದರಂತೂ ಇನ್ನೂ ನೆಟ್ಟಗೆ. ಹಾಗಾಗಿ ಮೊದಲ ಹತ್ತಿಪ್ಪತ್ತು ನಿಮಿಷದ ವಿಡಿಯೊ ಲೆಕ್ಕಕ್ಕೆ ಬರುವಂಥದ್ದಲ್ಲ. ಓರೆ ಕೋನದಿಂದ ತೆಗೆದ ಫೋಟೊದಲ್ಲಿ 30 ಡಿಗ್ರಿ ಬಗ್ಗಿದ ಕತ್ತು 15ರ ಹಾಗೆ ಕಾಣಬಹುದು. ಬರೀ ಬೆಳಗ್ಗೆ 10 ಗಂಟೆಗೆ ಅಳೆದರೆ ಸಂಜೆಯ ಕುಗ್ಗಿದ ಬೆನ್ನು ಸಿಗುವುದಿಲ್ಲ.

ಯಾರನ್ನು ಆರಿಸುತ್ತಾರೆ ಎನ್ನುವುದೂ ಮುಖ್ಯ. ಲೈನಿನ ಅತಿ ಚುರುಕಾದ ಟೈಲರನ್ನು ತೋರಿಸುವುದು ರೂಢಿ. ಅವರ ಕೈ ಪಳಗಿರುತ್ತದೆ, ಬೇಡದ ಚಲನೆ ಕಡಿಮೆ. ಹೋದ ತಿಂಗಳು ಸೇರಿದವರಿಗೆ ಅದೇ ಕಾಲರಿಗೆ ಹೆಚ್ಚು ಚಲನೆ ಬೇಕು. ಕುಳ್ಳಗಿನವರು, ಎತ್ತರದವರು, ಹೊಸಬರು ಎಲ್ಲರೂ ವಿಡಿಯೊದಲ್ಲಿ ಇರಬೇಕು.

ನೋವಿನ ಪಟ್ಟಿಯನ್ನು ಹೆಸರು ಬರೆಸಿ, ಎಲ್ಲರೆದುರು ತುಂಬಿಸಿದರೆ ಎಲ್ಲರಿಗೂ ಎಲ್ಲವೂ ಚೆನ್ನಾಗಿರುತ್ತದೆ. ಎಂಥ ಲೈನೇ ಆಗಲಿ, ಒಬ್ಬರಿಗೂ ಎಲ್ಲೂ ನೋವಿಲ್ಲ ಎಂದು ರಿಪೋರ್ಟ್ ಹೇಳಿದರೆ ಅನುಮಾನ ಪಡಬೇಕಾದದ್ದು ರಿಪೋರ್ಟಿನ ಮೇಲೆ. ಕೆಲಸ ಬಿಟ್ಟು ಹೋದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ ಎನ್ನುವುದನ್ನೂ ನೆನಪಿಡಬೇಕು. ಯಾವ ಮಿಷನ್ನಿನಿಂದ ಜನ ಜಾಸ್ತಿ ಬಿಡುತ್ತಾರೆ, ಯಾವ ಆಪರೇಷನ್ ಕೊಟ್ಟರೆ ರಜೆ ಹಾಕುತ್ತಾರೆ ಎನ್ನುವುದು ಎಚ್‌ಆರ್ ದಾಖಲೆಯಲ್ಲಿ ಸುಮ್ನೆ ಕೂತಿರುತ್ತದೆ. ಅದನ್ನು ರೂಲಾ ಅಂಕದ ಪಕ್ಕ ಇಟ್ಟು ನೋಡುವವರು ಕಡಿಮೆ.

ಬದಲಾವಣೆ ಆದ ಮೇಲೆ ಮತ್ತೆ ಅಳೆಯುವಾಗಲೂ ಎಚ್ಚರ ಬೇಕು. ಹೊಸ ಕುರ್ಚಿ ಬಂದ ದಿನ ಎಲ್ಲರೂ ಒರಗಿ ಕೂರುತ್ತಾರೆ. ಕೆಲವು ವಾರ ಕಳೆದು ಹೋದರೆ ಹಲವರು ಕುರ್ಚಿಯ ಮುಂದಿನ ಅಂಚಿಗೆ ಜಾರಿ ಕೂತಿರುವುದು ಕಾಣಬಹುದು. ಅದು ಅವರ ಅಭ್ಯಾಸದ ತಪ್ಪಲ್ಲ. ಪೆಡಲ್ ಇನ್ನೂ ದೂರದಲ್ಲೇ ಇದ್ದರೆ, ಸೂಜಿಯ ಹತ್ತಿರ ಬೆಳಕು ಸಾಲದಿದ್ದರೆ ಒರಗಿ ಕೂತು ಹೊಲಿಯಲು ಆಗುವುದಿಲ್ಲ. ಆಗ ಪೆಡಲನ್ನು ಕೂತವರ ಕಡೆಗೆ ಎಳೆದು, ಸೂಜಿಯ ಬಳಿ ಒಂದು ದೀಪ ಹಾಕಿ, ಅದೇ ಟೈಲರನ್ನು ಅದೇ ಹೊತ್ತಿನಲ್ಲಿ, ಅಂದರೆ ಸಂಜೆ ನಾಲ್ಕರ ನಂತರ, ಇನ್ನೊಮ್ಮೆ ವಿಡಿಯೊ ತೆಗೆದು ಎಣಿಸಬೇಕು.